ಡಿಎನ್‌ಎ ನಕಲಿನ ಕವಲು: ಒಂದು ಒಕಾಝಾಕಿ ತುಣುಕಿನ ಹುಟ್ಟು, ಬೆಳವಣಿಗೆ, ಬೆಸುಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಹೆಲಿಕೇಸ್ ಬಿಚ್ಚುತ್ತದೆ, ಪ್ರೈಮೇಸ್ ಶುರು ಮಾಡುತ್ತದೆ, ಲೈಗೇಸ್ ಅಂಟಿಸುತ್ತದೆ ಎಂಬ ಮೂರು ವಾಕ್ಯ ಎಲ್ಲರಿಗೂ ಬಾಯಿಪಾಠ. ಗೊಂದಲ ಹುಟ್ಟುವುದು ಅದರ ನಂತರ. ಯಾವ ತುಣುಕಿನ ಯಾವ ತುದಿ ಯಾರಿಗೆ ಸೇರುತ್ತದೆ, ಪ್ರೈಮರ್ ತೆಗೆದ ಜಾಗ ತುಂಬುವವರು ಯಾರು, ಇದೆಲ್ಲ ನಿಜ ಎಂದು ಗೊತ್ತಾಗಿದ್ದು ಹೇಗೆ? ಇಲ್ಲಿನ ಉತ್ತರಗಳು ಹೆಚ್ಚಾಗಿ ಇ. ಕೋಲಿ ಬ್ಯಾಕ್ಟೀರಿಯಾವನ್ನು ಹಿಡಿದು ಸಾಗುತ್ತವೆ, ಏಕೆಂದರೆ ಈ ಕಥೆಯ ಬಹುಪಾಲು ಬಿಡಿಸಿಕೊಂಡದ್ದು ಅದರಲ್ಲೇ. ನಮ್ಮ ಜೀವಕೋಶಗಳಲ್ಲಿ ಏನು ಬೇರೆ ಎಂಬುದು ಕೊನೆಯ ಹೊತ್ತಿಗೆ ಬರುತ್ತದೆ.

ಕವಲು ಎಂದರೆ ಏನು? ಅಲ್ಲಿ ಕೆಲಸ ಎಷ್ಟು ವೇಗವಾಗಿ ನಡೆಯುತ್ತದೆ?

ಜೋಡಿ ಎಳೆಯ ಡಿಎನ್‌ಎ ಬಿಚ್ಚಿಕೊಂಡು ಎರಡು ಒಂಟಿ ಎಳೆಗಳಾಗುವ ಜಾಗವೇ ಕವಲು. ಇ. ಕೋಲಿಯ ಕ್ರೋಮೋಸೋಮ್ ಒಂದು ವೃತ್ತ, ಅದರಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳಿವೆ. ನಕಲು ಒಂದೇ ಜಾಗದಲ್ಲಿ ಶುರುವಾಗಿ ಎರಡು ಕವಲುಗಳು ಎದುರು ದಿಕ್ಕಿಗೆ ಹೊರಡುತ್ತವೆ, ವೃತ್ತದ ಆಚೆ ಬದಿಯಲ್ಲಿ ಸಂಧಿಸುತ್ತವೆ. ಹಾಗಾಗಿ ಒಂದೊಂದು ಕವಲಿನ ಪಾಲಿಗೆ 23 ಲಕ್ಷ ಜೋಡಿ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕವಲು ಸೆಕೆಂಡಿಗೆ ಹೆಚ್ಚುಕಡಿಮೆ 1000 ಜೋಡಿ ದಾಟುತ್ತದೆ. ಲೆಕ್ಕ ಹಾಕಿದರೆ 2300 ಸೆಕೆಂಡು, ಅಂದರೆ 40 ನಿಮಿಷದ ಆಸುಪಾಸು. ಇ. ಕೋಲಿ ತನ್ನ ಕ್ರೋಮೋಸೋಮನ್ನು ನಕಲು ಮಾಡಲು ತೆಗೆದುಕೊಳ್ಳುವ ಸಮಯವೂ ಅಷ್ಟೇ.

ಎರಡು ಎಳೆಗಳಿಗೆ ಎರಡು ರೀತಿ ಏಕೆ?

ಡಿಎನ್‌ಎಯ ಎರಡು ಎಳೆಗಳು ತಲೆಕೆಳಗಾಗಿ ಜೋಡಿಯಾಗಿವೆ. ಒಂದರ 5′ ತುದಿ ಇರುವ ಕಡೆ ಇನ್ನೊಂದರ 3′ ತುದಿ. ಹೊಸ ಎಳೆ ಕಟ್ಟುವ ಡಿಎನ್‌ಎ ಪಾಲಿಮರೇಸ್‌ಗೆ ಮಾತ್ರ ಒಂದೇ ದಿಕ್ಕು ಗೊತ್ತು: ಬೆಳೆಯುತ್ತಿರುವ ಎಳೆಯ 3′ ತುದಿಗೆ ಹೊಸ ನ್ಯೂಕ್ಲಿಯೋಟೈಡ್ ಸೇರಿಸುವುದು. ಕವಲು ಬಲಕ್ಕೆ ಓಡುತ್ತಿದೆ ಎಂದುಕೊಳ್ಳಿ. ಒಂದು ಅಚ್ಚು ಎಳೆಯ ಮೇಲೆ ಹೊಸ ಎಳೆಯೂ ಬಲಕ್ಕೇ ಬೆಳೆಯಬಹುದು. ಹೆಲಿಕೇಸ್‌ನ ಬೆನ್ನಿಗೇ ನಿಲ್ಲದೆ ಸಾಗುವ ಇದು ಲೀಡಿಂಗ್ ಎಳೆ. ಇನ್ನೊಂದು ಅಚ್ಚಿನ ಮೇಲೆ ಪಾಲಿಮರೇಸ್ ಎಡಕ್ಕೆ, ಕವಲಿನಿಂದ ದೂರಕ್ಕೆ ಹೋಗಲೇಬೇಕು. ಅತ್ತ ಹೋಗುವಷ್ಟರಲ್ಲಿ ಇತ್ತ ಇನ್ನಷ್ಟು ಅಚ್ಚು ಬಿಚ್ಚಿಕೊಂಡಿರುತ್ತದೆ. ಮತ್ತೆ ಕವಲಿನ ಬಳಿಗೆ ಬಂದು ಹೊಸದಾಗಿ ಶುರು ಮಾಡಬೇಕು. ಹೀಗೆ ತುಂಡು ತುಂಡಾಗಿ ಆಗುವುದು ಲ್ಯಾಗಿಂಗ್ ಎಳೆ. ಆ ತುಂಡುಗಳೇ ಒಕಾಝಾಕಿ ತುಣುಕುಗಳು.

ಎದುರು ದಿಕ್ಕಿಗೆ ಬರೆಯುವ ಪಾಲಿಮರೇಸ್ ಒಂದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ತಪ್ಪು ತಿದ್ದುವಿಕೆಯನ್ನು ಆಧರಿಸಿದೆ, ನನಗೂ ಅದೇ ಒಪ್ಪುವಂತಿದೆ. ನ್ಯೂಕ್ಲಿಯೋಟೈಡ್ ಸೇರಿಸಲು ಬೇಕಾದ ಶಕ್ತಿ ಅದರ ಟ್ರೈಫಾಸ್ಫೇಟ್‌ನಲ್ಲಿರುತ್ತದೆ. ಈಗಿನ ವ್ಯವಸ್ಥೆಯಲ್ಲಿ ಆ ಟ್ರೈಫಾಸ್ಫೇಟ್ ಹೊಸದಾಗಿ ಬರುವ ಘಟಕದ ಮೇಲಿದೆ. ತಪ್ಪು ಬೇಸ್ ಕೂತರೆ ಪಾಲಿಮರೇಸ್ ಅದನ್ನು ಕತ್ತರಿಸಿ ಹಾಕುತ್ತದೆ. ಉಳಿಯುವ 3′ ತುದಿಯಲ್ಲಿ ಬರೀ ಹೈಡ್ರಾಕ್ಸಿಲ್ ಇರುತ್ತದೆ, ಅಷ್ಟಿದ್ದರೆ ಸಾಕು, ಮುಂದಿನ ಘಟಕ ತನ್ನ ಶಕ್ತಿ ತಾನೇ ಹೊತ್ತು ತರುತ್ತದೆ.

ಎದುರು ದಿಕ್ಕಿನಲ್ಲಿ ಬೆಳೆಯುವ ಎಳೆಗೆ ಆ ಟ್ರೈಫಾಸ್ಫೇಟ್ ಎಳೆಯ ತುದಿಯಲ್ಲೇ ಇರಬೇಕಾಗುತ್ತದೆ. ತಪ್ಪು ಬೇಸನ್ನು ಕತ್ತರಿಸಿದೊಡನೆ ಶಕ್ತಿಯೂ ಹೋಯಿತು, ಎಳೆ ಅಲ್ಲಿಗೇ ನಿಂತಿತು. ಪ್ರತಿ ತಿದ್ದುಪಡಿಯ ನಂತರವೂ ತುದಿಗೆ ಮತ್ತೆ ಟ್ರೈಫಾಸ್ಫೇಟ್ ಕೂರಿಸುವ ಬೇರೆ ವ್ಯವಸ್ಥೆ ಬೇಕಾಗುತ್ತದೆ. ಅದಕ್ಕಿಂತ ತುಣುಕುಗಳನ್ನು ಜೋಡಿಸುವ ಖರ್ಚೇ ಕಡಿಮೆ.

ಹೆಲಿಕೇಸ್ ಯಾವ ಎಳೆಯ ಮೇಲೆ ಕೂರುತ್ತದೆ?

ಇ. ಕೋಲಿಯಲ್ಲಿ ಲ್ಯಾಗಿಂಗ್ ಎಳೆಯ ಅಚ್ಚಿನ ಮೇಲೆ. ಆರು ಒಂದೇ ಬಗೆಯ ಪ್ರೋಟೀನುಗಳು ಸೇರಿದ ಉಂಗುರ ಅದು, ನಡುವಿನ ತೂತಿನಲ್ಲಿ ಒಂದು ಎಳೆ ಮಾತ್ರ ಹಾದುಹೋಗುತ್ತದೆ. ಎಟಿಪಿ ಖರ್ಚು ಮಾಡುತ್ತ ಆ ಎಳೆಯ ಮೇಲೆ 5′ ಕಡೆಯಿಂದ 3′ ಕಡೆಗೆ ಸರಿಯುತ್ತದೆ. ಇನ್ನೊಂದು ಎಳೆ ಉಂಗುರದ ಹೊರಗೆ ಉಳಿಯುವುದರಿಂದ ಜೋಡಿ ಬಿಚ್ಚಿಕೊಳ್ಳುತ್ತದೆ. ಹೆಲಿಕೇಸ್ ಕೋವೇಲೆಂಟ್ ಬಂಧ ಯಾವುದನ್ನೂ ಕಡಿಯುವುದಿಲ್ಲ, ಬಿಡಿಸುವುದು ಬೇಸ್‌ಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಮಾತ್ರ. ಉತ್ತರಪತ್ರಿಕೆಗಳಲ್ಲಿ "ಹೆಲಿಕೇಸ್ ಡಿಎನ್‌ಎಯನ್ನು ಕತ್ತರಿಸುತ್ತದೆ" ಎಂದು ಬರೆಯುವವರು ಇದನ್ನು ಗಮನಿಸಬೇಕು.

ಕತ್ತರಿಸುವ ಕೆಲಸ ಬೇರೆಯವರದು. ಎರಡು ಎಳೆ ಹೊಸೆದ ಹುರಿಯನ್ನು ಒಂದು ತುದಿಯಲ್ಲಿ ಹಿಡಿದು ಬಿಡಿಸುತ್ತ ಹೋದರೆ ಮುಂದಿನ ಭಾಗದಲ್ಲಿ ಹೊಸೆತ ಬಿಗಿಯಾಗುತ್ತ ಹೋಗಿ ಗಂಟಾಗುತ್ತದಲ್ಲ, ಇಲ್ಲೂ ಹಾಗೆಯೇ. ಸುಮಾರು 10.5 ಜೋಡಿಗೆ ಒಂದು ಸುತ್ತು ಎಂದರೆ, ಸೆಕೆಂಡಿಗೆ 1000 ಜೋಡಿ ಬಿಚ್ಚಿದಾಗ ಹತ್ತಿರ ಹತ್ತಿರ 95 ಸುತ್ತುಗಳ ಬಿಗಿತ ಮುಂದಕ್ಕೆ ತಳ್ಳಲ್ಪಡುತ್ತದೆ. ಜೈರೇಸ್ ಎಂಬ ಟೋಪೋಐಸೋಮರೇಸ್ ಮುಂದೆ ಕೂತು ಎರಡೂ ಎಳೆ ಕಡಿದು, ತಿರುಚು ಬಿಡಿಸಿ, ಮತ್ತೆ ಸೇರಿಸುತ್ತದೆ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳು ಹಿಡಿಯುವ ಒಂದು ಮುಖ್ಯ ಗುರಿ ಈ ಜೈರೇಸ್. ಕಡಿದ ಎಳೆ ಮತ್ತೆ ಸೇರದಂತೆ ಅವು ತಡೆಯುತ್ತವೆ.

ಪ್ರೈಮೇಸ್ ಏಕೆ ಬೇಕು? ಪಾಲಿಮರೇಸ್ ತಾನೇ ಶುರು ಮಾಡಬಾರದೇ?

ಡಿಎನ್‌ಎ ಪಾಲಿಮರೇಸ್‌ಗೆ ಶೂನ್ಯದಿಂದ ಆರಂಭಿಸಲು ಬರುವುದಿಲ್ಲ. ಅಚ್ಚಿಗೆ ಸರಿಯಾಗಿ ಕೂತ ಒಂದು 3′ ತುದಿ ಮೊದಲೇ ಇರಬೇಕು. ತನ್ನ ಹಿಂದಿನ ಬೇಸ್ ಸರಿ ಕೂತಿದೆಯೇ ಎಂದು ಪರೀಕ್ಷಿಸಿಯೇ ಮುಂದಿನದನ್ನು ಸೇರಿಸುವ ಕಿಣ್ವಕ್ಕೆ, ಹಿಂದೆ ಏನೂ ಇಲ್ಲದ ಜಾಗದಲ್ಲಿ ಕೆಲಸವಿಲ್ಲ. ಪ್ರೈಮೇಸ್ ಅಷ್ಟು ಕಟ್ಟುನಿಟ್ಟಿನದಲ್ಲ. ಎರಡು ಬಿಡಿ ನ್ಯೂಕ್ಲಿಯೋಟೈಡುಗಳನ್ನು ಅಚ್ಚಿನ ಮೇಲೆ ಜೋಡಿಸಿ ಎಳೆ ಶುರು ಮಾಡಬಲ್ಲದು. ಆದರೆ ಅದು ಕಟ್ಟುವುದು ಆರ್‌ಎನ್‌ಎ ಎಳೆಯನ್ನು. ಇ. ಕೋಲಿಯಲ್ಲಿ ಇದರ ಉದ್ದ ಸುಮಾರು 10ರಿಂದ 12 ನ್ಯೂಕ್ಲಿಯೋಟೈಡ್.

ಶುರು ಮಾಡಲು ಅದಕ್ಕೆ ಇಷ್ಟದ ಜಾಗವೂ ಇದೆ. ಅಚ್ಚಿನಲ್ಲಿ 5′ ಇಂದ 3′ ಕಡೆಗೆ ಓದಿದಾಗ `CTG` ಎಂದು ಬರುವ ಮೂರು ಬೇಸ್‌ಗಳನ್ನು ಅದು ಗುರುತಿಸುತ್ತದೆ. ನಡುವಿನ `T` ಎದುರು ಮೊದಲ `A` ಇಟ್ಟು, `C` ಎದುರು `G` ಇಟ್ಟು ಮುಂದುವರಿಯುತ್ತದೆ. ಯಾವುದೇ ಮೂರಕ್ಷರ ಸರಾಸರಿ 64 ಬೇಸಿಗೊಮ್ಮೆ ಸಿಗಬೇಕು, ಆದರೆ ಪ್ರೈಮರ್ ಬೀಳುವುದು 1000–2000 ಬೇಸಿಗೊಮ್ಮೆ. ಹಾಗಾದರೆ ಸಿಕ್ಕ ಜಾಗಗಳಲ್ಲಿ ಬಹುಪಾಲು ಬಿಟ್ಟುಬಿಡುತ್ತದೆ. ಕಾರಣ, ಪ್ರೈಮೇಸ್ ಒಂಟಿಯಾಗಿ ಚುರುಕಲ್ಲ. ಓಡುತ್ತಿರುವ ಹೆಲಿಕೇಸ್‌ಗೆ ಆಗಾಗ ಬಂದು ತಾಗಿದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರೈಮೇಸ್‌ನ ಪ್ರಮಾಣ ಕಡಿಮೆ ಮಾಡಿದ ಪ್ರಯೋಗಗಳಲ್ಲಿ ತುಣುಕುಗಳು ಉದ್ದವಾಗುತ್ತವೆ. ಲ್ಯಾಗಿಂಗ್ ಎಳೆಯ ತುಣುಕಿನ ಉದ್ದವನ್ನು ನಿರ್ಧರಿಸುವುದು ಈ ಭೇಟಿಗಳ ನಡುವಿನ ಅಂತರವೇ.

ಆರ್‌ಎನ್‌ಎ ಆಗಿರುವುದರಿಂದ ಒಂದು ಲಾಭವೂ ಇದೆ. ತಿದ್ದುಪಡಿಯಿಲ್ಲದೆ ಅವಸರದಲ್ಲಿ ಬರೆದ ಭಾಗ ಯಾವುದೆಂದು ಆಮೇಲೆ ಗುರುತು ಸಿಗುತ್ತದೆ, ಅದನ್ನಷ್ಟೇ ಕಿತ್ತು ಹಾಕಬಹುದು.

ಒಂದು ತುಣುಕಿನ ಪೂರ್ತಿ ಕಥೆಯನ್ನು ಹಂತಹಂತವಾಗಿ ಹೇಳಿ.

1500 ಬೇಸ್ ಉದ್ದದ ಒಂದು ತುಣುಕನ್ನು ತೆಗೆದುಕೊಳ್ಳೋಣ. ಅದನ್ನು ಎರಡನೇ ತುಣುಕು ಎನ್ನೋಣ, ಅದರ ಎಡಕ್ಕೆ ಇದಕ್ಕೂ ಮೊದಲು ಆದ ಒಂದನೇ ತುಣುಕು ಇದೆ. ಕವಲು ಬಲಕ್ಕೆ ಹೋಗುತ್ತಿದೆ.

```
5'-------------------------------------3'  ಅಚ್ಚು
3'--------rrrr-5'   3'--------rrrr-5'
  ತುಣುಕು 1             ತುಣುಕು 2        ಕವಲು →
r = ಪ್ರೈಮರ್ ಆರ್‌ಎನ್‌ಎ
```

ಹೆಲಿಕೇಸ್ ಈಗಷ್ಟೇ ದಾಟಿದ ಜಾಗದಲ್ಲಿ ಪ್ರೈಮೇಸ್ ಒಂದು ಪ್ರೈಮರ್ ಇಡುತ್ತದೆ. ಆ ಪ್ರೈಮರಿನ ಎಡಕ್ಕೆ, ಒಂದನೇ ತುಣುಕಿನವರೆಗೆ, 1500 ಬೇಸ್ ಒಂಟಿ ಅಚ್ಚು ಬಯಲಾಗಿ ಬಿದ್ದಿದೆ. ಅದು ಮಡಚಿಕೊಳ್ಳದಂತೆ ಎಸ್‌ಎಸ್‌ಬಿ ಎಂಬ ಪ್ರೋಟೀನುಗಳು ಉದ್ದಕ್ಕೂ ಹೊದ್ದುಕೊಂಡಿವೆ. ಈಗ ಉಂಗುರದಾಕಾರದ ಕ್ಲ್ಯಾಂಪ್ ಪ್ರೋಟೀನನ್ನು ಪ್ರೈಮರಿನ ಸುತ್ತ ತೊಡಿಸಲಾಗುತ್ತದೆ, ಪಾಲಿಮರೇಸ್ III ಅದನ್ನು ಹಿಡಿದುಕೊಂಡು ಎಡಕ್ಕೆ ಹೊರಡುತ್ತದೆ. ಕ್ಲ್ಯಾಂಪ್ ಇಲ್ಲದಿದ್ದರೆ ಅದು ಸ್ವಲ್ಪ ದೂರದಲ್ಲೇ ಉದುರಿಹೋಗುತ್ತದೆ. ಸೆಕೆಂಡಿಗೆ 1000ದ ಲೆಕ್ಕದಲ್ಲಿ ಒಂದೂವರೆ ಸೆಕೆಂಡಿನ ಓಟ. ಅದೇ ಒಂದೂವರೆ ಸೆಕೆಂಡಿನಲ್ಲಿ ಹೆಲಿಕೇಸ್ ಬಲಕ್ಕೆ ಇನ್ನೂ 1500 ಬೇಸ್ ಬಿಚ್ಚಿರುತ್ತದೆ. ಅಲ್ಲಿ ಮೂರನೇ ತುಣುಕಿನ ಪ್ರೈಮರ್ ಬೀಳುತ್ತದೆ. ಲ್ಯಾಗಿಂಗ್ ಎಳೆ ಯಾವಾಗಲೂ ಒಂದು ತುಣುಕಿನಷ್ಟು ಹಿಂದೆ ಎನ್ನುವುದು ಈ ಅರ್ಥದಲ್ಲಿ. ವೇಗದಲ್ಲಿ ಅದೇನೂ ನಿಧಾನವಲ್ಲ.

ಎಡಕ್ಕೆ ಓಡಿದ ಪಾಲಿಮರೇಸ್ III ಒಂದನೇ ತುಣುಕಿನ ಪ್ರೈಮರಿಗೆ ಬಂದು ತಾಗುತ್ತದೆ, ಅಲ್ಲಿ ಕೈಬಿಟ್ಟು ಹೊಸ ಪ್ರೈಮರಿಗೆ ಹಾರುತ್ತದೆ. ಆ ಜಾಗಕ್ಕೆ ಪಾಲಿಮರೇಸ್ I ಬರುತ್ತದೆ. ಇದಕ್ಕೆ ಎರಡು ಕೈ ಇದ್ದಂತೆ: ಮುಂದಿರುವ ಆರ್‌ಎನ್‌ಎಯನ್ನು 5′ ಕಡೆಯಿಂದ ಕಚ್ಚಿ ತೆಗೆಯುತ್ತದೆ, ಹಿಂದಿರುವ ಎಳೆಯ 3′ ತುದಿಗೆ ಡಿಎನ್‌ಎ ಸೇರಿಸುತ್ತ ಬರುತ್ತದೆ. ಆರ್‌ಎನ್‌ಎ ಮುಗಿದಾಗ ಉಳಿಯುವುದು ಎರಡು ಡಿಎನ್‌ಎ ತುದಿಗಳ ನಡುವಿನ ಒಂದು ಬಿರುಕು ಮಾತ್ರ, ಬೇಸ್ ಒಂದೂ ಕಾಣೆಯಾಗಿರುವುದಿಲ್ಲ. ಲೈಗೇಸ್ ಅದನ್ನು ಮುಚ್ಚುತ್ತದೆ.

ಹೆಚ್ಚಿನವರು ಜಾರುವುದು ಇಲ್ಲೇ. ಒಂದನೇ ತುಣುಕಿನ ಪ್ರೈಮರ್ ತೆಗೆದ ಜಾಗವನ್ನು ತುಂಬುವುದು ಒಂದನೇ ತುಣುಕು ಬೆಳೆದು ಅಲ್ಲ. ಅದರ ಆ ತುದಿ 5′, ಅಲ್ಲಿ ಏನೂ ಸೇರಿಸಲಾಗದು. ಎರಡನೇ ತುಣುಕಿನ 3′ ತುದಿ ಎಡಕ್ಕೆ ಬೆಳೆದು ಆ ಜಾಗ ತುಂಬುತ್ತದೆ. ಮೇಲಿನ ಚಿತ್ರದಲ್ಲಿ ಬೆರಳಿಟ್ಟು ನೋಡಿದರೆ ತಕ್ಷಣ ತಿಳಿಯುತ್ತದೆ.

ಲೈಗೇಸ್ ನಿಖರವಾಗಿ ಏನು ಮಾಡುತ್ತದೆ? ಪ್ರೈಮರ್ ಹೋದ ಖಾಲಿ ಜಾಗವನ್ನು ಅದೇ ತುಂಬುವುದಿಲ್ಲವೇ?

ಇಲ್ಲ. ಲೈಗೇಸ್ ಒಂದೇ ಒಂದು ಬೇಸನ್ನೂ ಸೇರಿಸುವುದಿಲ್ಲ. ಒಂದು ಬೇಸಿನಷ್ಟು ಜಾಗ ಖಾಲಿ ಇದ್ದರೂ ಅದರ ಕೆಲಸ ಕೆಡುತ್ತದೆ. ಅದಕ್ಕೆ ಬೇಕಾದದ್ದು ಅಕ್ಕಪಕ್ಕದಲ್ಲೇ ಕೂತ ಎರಡು ತುದಿಗಳು: ಒಂದು ಕಡೆ 3′ ಹೈಡ್ರಾಕ್ಸಿಲ್, ಇನ್ನೊಂದು ಕಡೆ 5′ ಫಾಸ್ಫೇಟ್.

ಕೆಲಸ ಮೂರು ಹೆಜ್ಜೆಯದು. ಮೊದಲು ಲೈಗೇಸ್ ತನ್ನ ಒಂದು ಲೈಸೀನ್‌ಗೆ ಎಎಂಪಿ ಗುಂಪನ್ನು ಹಚ್ಚಿಕೊಳ್ಳುತ್ತದೆ. ಇ. ಕೋಲಿಯ ಲೈಗೇಸ್‌ಗೆ ಈ ಎಎಂಪಿ ಸಿಗುವುದು ಎನ್‌ಎಡಿಯಿಂದ, ಮನುಷ್ಯರ ಲೈಗೇಸ್‌ಗೂ ಟಿ4 ವೈರಸ್ಸಿನ ಲೈಗೇಸ್‌ಗೂ ಎಟಿಪಿಯಿಂದ. ಎರಡನೆಯದಾಗಿ ಆ ಎಎಂಪಿಯನ್ನು ಬಿರುಕಿನ 5′ ಫಾಸ್ಫೇಟ್‌ಗೆ ದಾಟಿಸುತ್ತದೆ. ಆಗ ಆ ಫಾಸ್ಫೇಟ್ ಬಂಧ ಕಟ್ಟಲು ಸಿದ್ಧವಾಗುತ್ತದೆ. ಮೂರನೆಯದಾಗಿ ಪಕ್ಕದ 3′ ಹೈಡ್ರಾಕ್ಸಿಲ್ ಅದರ ಮೇಲೆ ಎರಗಿ ಫಾಸ್ಫೋಡೈಎಸ್ಟರ್ ಬಂಧ ಕಟ್ಟಿಕೊಳ್ಳುತ್ತದೆ, ಎಎಂಪಿ ಕಳಚಿ ಹೋಗುತ್ತದೆ.

ಇ. ಕೋಲಿಯ ಒಂದು ಸುತ್ತಿನ ನಕಲಿಗೆ ಇಂಥ ಬೆಸುಗೆ ಎಷ್ಟು? ಎರಡೂ ಕವಲು ಸೇರಿ ಲ್ಯಾಗಿಂಗ್ ಎಳೆ 46 ಲಕ್ಷ ಬೇಸ್, ತುಣುಕು 1000ದಿಂದ 2000. ಹಾಗಾಗಿ 2300ರಿಂದ 4600ರವರೆಗೆ.

ತುಣುಕುಗಳು ಇವೆ ಎಂದು ಕಂಡುಹಿಡಿದದ್ದು ಹೇಗೆ?

1960ರ ದಶಕದಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದಲ್ಲಿ ರೇಜಿ ಒಕಾಝಾಕಿ ಮತ್ತು ತ್ಸುನೆಕೊ ಒಕಾಝಾಕಿ ದಂಪತಿ ಇದರ ಬೆನ್ನು ಹತ್ತಿದರು. ಬೆಳೆಯುತ್ತಿರುವ ಬ್ಯಾಕ್ಟೀರಿಯಾಕ್ಕೆ ಕೆಲವೇ ಸೆಕೆಂಡುಗಳ ಕಾಲ ವಿಕಿರಣಶೀಲ ಥೈಮಿಡೀನ್ ಕೊಟ್ಟು ಥಟ್ಟನೆ ನಿಲ್ಲಿಸುವುದು ಅವರ ಉಪಾಯ. ಆ ಹೊತ್ತಿನಲ್ಲಿ ಕಟ್ಟಿದ ಡಿಎನ್‌ಎ ಮಾತ್ರ ಗುರುತು ಹೊತ್ತಿರುತ್ತದೆ. ಅದನ್ನು ತೆಗೆದು ಕ್ಷಾರೀಯ ಸಕ್ಕರೆ ದ್ರಾವಣದ ಮೇಲಿಟ್ಟು ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರು. ಕ್ಷಾರ ಇರುವುದೇ ಇಲ್ಲಿ ಗುಟ್ಟು. ಅದರಲ್ಲಿ ಎರಡು ಎಳೆಗಳು ಬೇರೆಯಾಗುತ್ತವೆ, ಬೆಸೆಯದ ತುಣುಕು ಅಚ್ಚನ್ನು ಬಿಟ್ಟು ಒಂಟಿಯಾಗಿ ಹೊರಬರುತ್ತದೆ. ಕ್ಷಾರವಿಲ್ಲದ ದ್ರಾವಣದಲ್ಲಿ ತುಣುಕುಗಳು ಉದ್ದನೆಯ ಅಚ್ಚಿಗೆ ಅಂಟಿಕೊಂಡೇ ಇರುತ್ತವೆ, ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಫಲಿತಾಂಶ 1968ರಲ್ಲಿ ಪ್ರಕಟವಾಯಿತು. ಕೆಲವು ಸೆಕೆಂಡಿನ ಗುರುತು 1000–2000 ಬೇಸ್ ಉದ್ದದ ಚಿಕ್ಕ ತುಂಡುಗಳಲ್ಲಿ ಸಿಕ್ಕಿತು. ಗುರುತು ಕೊಡುವ ಸಮಯ ಹೆಚ್ಚಿಸಿದರೆ ಉದ್ದನೆಯ ಎಳೆಗಳಿಗೆ ಸರಿಯಿತು. ಚಿಕ್ಕದೇ ಆಮೇಲೆ ದೊಡ್ಡದಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಲೈಗೇಸ್‌ನಿಂದ ಬಂತು. ಬಿಸಿ ಹೆಚ್ಚಿಸಿದಾಗ ಲೈಗೇಸ್ ಕೆಡುವ ಟಿ4 ವೈರಸ್ ತಳಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದಾಗ ಚಿಕ್ಕ ತುಂಡುಗಳು ಹಾಗೇ ರಾಶಿ ಬಿದ್ದವು. ಲೈಗೇಸ್ ಪತ್ತೆಯಾಗಿದ್ದೇ ಅದರ ಹಿಂದಿನ ವರ್ಷ, 1967ರಲ್ಲಿ. ಎರಡೂ ಶೋಧಗಳು ಒಂದಕ್ಕೊಂದು ಒದಗಿಬಂದವು.

ರೇಜಿ ಒಕಾಝಾಕಿ 1975ರಲ್ಲಿ, 44ರ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಹಿರೋಷಿಮಾದವರಾದ ಅವರು ಹುಡುಗನಾಗಿದ್ದಾಗ ಅಣುಬಾಂಬಿನ ವಿಕಿರಣಕ್ಕೆ ಒಳಗಾಗಿದ್ದರು. ತುಣುಕಿನ ತುದಿಯಲ್ಲಿ ಆರ್‌ಎನ್‌ಎ ಇದೆ ಎಂಬುದನ್ನು ದೃಢಪಡಿಸುವ ಕೆಲಸವನ್ನು ತ್ಸುನೆಕೊ ಮುಂದುವರಿಸಿದರು.

ಆ ಪ್ರಯೋಗಗಳಲ್ಲಿ ಅರ್ಧ ಗುರುತು ಮಾತ್ರ ಚಿಕ್ಕ ತುಂಡುಗಳಲ್ಲಿ ಸಿಗಬೇಕಿತ್ತಲ್ಲವೇ?

ಹೌದು. ಲೀಡಿಂಗ್ ಎಳೆ ಒಂದೇ ಓಟವಾದರೆ ಅರ್ಧದಷ್ಟು ಗುರುತು ಉದ್ದನೆಯ ಎಳೆಯಲ್ಲಿರಬೇಕು. ಸಿಕ್ಕದ್ದು ಅರ್ಧಕ್ಕಿಂತ ಹೆಚ್ಚು ಚಿಕ್ಕ ತುಂಡು. ಎರಡೂ ಎಳೆ ತುಂಡಾಗಿಯೇ ಆಗುತ್ತವೆಯೇ ಎಂಬ ಅನುಮಾನ ಹಲವು ವರ್ಷ ಉಳಿಯಿತು. ಒಂದು ಭಾಗದ ಉತ್ತರ 1970ರ ದಶಕದಲ್ಲಿ ಸಿಕ್ಕಿತು. ಪಾಲಿಮರೇಸ್ ಆಗೊಮ್ಮೆ ಈಗೊಮ್ಮೆ ಥೈಮೀನ್ ಬದಲು ಯುರಾಸಿಲ್ ಸೇರಿಸಿಬಿಡುತ್ತದೆ. ರಿಪೇರಿ ಕಿಣ್ವಗಳು ಅದನ್ನು ಕಂಡು ಎಳೆಯನ್ನು ಅಲ್ಲಿ ತುಂಡರಿಸಿ ಸರಿಪಡಿಸುತ್ತವೆ. ಆ ನಡುವೆ ಅಳೆದರೆ ಲೀಡಿಂಗ್ ಎಳೆಯೂ ತುಂಡಾಗಿಯೇ ಕಾಣುತ್ತದೆ. ಬಿಡಿ ಕಿಣ್ವಗಳನ್ನು ಸೇರಿಸಿ ಪ್ರಯೋಗನಾಳದಲ್ಲಿ ಕವಲು ಓಡಿಸಿದಾಗ ಲೀಡಿಂಗ್ ಎಳೆ ಉದ್ದನೆಯದಾಗಿಯೇ ಬರುತ್ತದೆ.

ಯಾವ ಕಿಣ್ವ ಕೆಟ್ಟಿದೆ ಎಂದು ಫಲಿತಾಂಶ ನೋಡಿ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಸಾಮಾನ್ಯ ಬಿಸಿಯಲ್ಲಿ ಸರಿಯಿದ್ದು, 42 ಡಿಗ್ರಿಗೆ ಏರಿಸಿದಾಗ ಒಂದೇ ಕಿಣ್ವ ಕೆಡುವ ತಳಿಗಳನ್ನು ಇದಕ್ಕೆ ಬಳಸುತ್ತಾರೆ. ಹೆಲಿಕೇಸ್ ಕೆಟ್ಟರೆ ಕವಲು ನಿಂತಲ್ಲೇ ನಿಲ್ಲುತ್ತದೆ, ಗುರುತು ಸೇರುವುದು ಎರಡೂ ಎಳೆಗಳಲ್ಲಿ ಥಟ್ಟನೆ ನಿಲ್ಲುತ್ತದೆ. ಪ್ರೈಮೇಸ್ ಕೆಟ್ಟರೂ ನಕಲು ಬೇಗನೇ ನಿಲ್ಲುತ್ತದೆ, ಏಕೆಂದರೆ ಹೊಸ ತುಣುಕು ಶುರುವಾಗುವುದೇ ಇಲ್ಲ. ಹೊರಗಿನಿಂದ ನೋಡಿದರೆ ಇವೆರಡು ಒಂದೇ ಥರ. ಬೇರ್ಪಡಿಸಲು ಪ್ರಯೋಗನಾಳದಲ್ಲಿ ಸಿದ್ಧ ಪ್ರೈಮರ್ ಕೂಡಿಸಿದ ಒಂಟಿ ಎಳೆಯ ಅಚ್ಚು ಕೊಡಬೇಕು. ಅಲ್ಲಿ ಪ್ರೈಮೇಸ್‌ನ ಅಗತ್ಯವೇ ಇಲ್ಲದೆ ಪಾಲಿಮರೇಸ್ ಓಡುತ್ತದೆ. ಪ್ರೈಮರ್ ಇಲ್ಲದ ಅಚ್ಚು ಕೊಟ್ಟಾಗ ಮಾತ್ರ ನಿಂತರೆ ದೋಷ ಆರಂಭದಲ್ಲಿದೆ.

ಲೈಗೇಸ್ ಕೆಟ್ಟರೆ ಚಿತ್ರವೇ ಬೇರೆ. ಗುರುತು ಸೇರುತ್ತಲೇ ಇರುತ್ತದೆ, ಆದರೆ ಚಿಕ್ಕ ತುಂಡುಗಳಲ್ಲೇ ಉಳಿಯುತ್ತದೆ. ಪಾಲಿಮರೇಸ್ I ಕೆಟ್ಟ ತಳಿಯಲ್ಲೂ ಚಿಕ್ಕ ತುಂಡುಗಳು ಎಂದಿಗಿಂತ ಹೆಚ್ಚು ಹೊತ್ತು ಉಳಿಯುತ್ತವೆ, ಏಕೆಂದರೆ ಪ್ರೈಮರ್ ತೆಗೆಯುವುದು ನಿಧಾನವಾಗುತ್ತದೆ. ಅಂಥ ಸಂದರ್ಭದಲ್ಲಿ ತುಂಡುಗಳನ್ನು ಶುದ್ಧೀಕರಿಸಿ ಅಚ್ಚಿನೊಡನೆ ಜೋಡಿಯಾಗಿರುವಾಗಲೇ ಲೈಗೇಸ್ ಒಂದನ್ನೇ ಕೊಟ್ಟು ನೋಡಬಹುದು. ಬೆಸೆದುಕೊಂಡರೆ ಕೊರತೆ ಇದ್ದದ್ದು ಲೈಗೇಸ್‌ನದು. ಬೆಸೆಯದಿದ್ದರೆ ಪ್ರೈಮರ್ ಇನ್ನೂ ಅಲ್ಲೇ ಇದೆ, ಇಲ್ಲವೇ ಜಾಗ ಇನ್ನೂ ತುಂಬಿಲ್ಲ.

ನಮ್ಮ ಜೀವಕೋಶಗಳಲ್ಲೂ ಹೀಗೆಯೇ?

ಕ್ರಮ ಇದೇ, ಪಾತ್ರಧಾರಿಗಳು ಬೇರೆ. ತುಣುಕುಗಳು ತೀರ ಚಿಕ್ಕವು, 100ರಿಂದ 200 ಬೇಸ್. ಪ್ರೈಮೇಸ್ ಇಲ್ಲಿ ಪಾಲಿಮರೇಸ್ ಆಲ್ಫಾಕ್ಕೆ ಅಂಟಿಕೊಂಡೇ ಇರುತ್ತದೆ, ಒಂದಿಷ್ಟು ಆರ್‌ಎನ್‌ಎ ಮತ್ತು ಅದರ ಬೆನ್ನಿಗೆ ಒಂದಿಷ್ಟು ಡಿಎನ್‌ಎ ಕಟ್ಟಿ ಕೈಬಿಡುತ್ತದೆ. ಹೆಲಿಕೇಸ್ ಲೀಡಿಂಗ್ ಎಳೆಯ ಅಚ್ಚಿನ ಮೇಲೆ, 3′ ಕಡೆಯಿಂದ 5′ ಕಡೆಗೆ ಓಡುತ್ತದೆ, ಬ್ಯಾಕ್ಟೀರಿಯಾದ್ದಕ್ಕೆ ಸರಿಯಾಗಿ ಉಲ್ಟಾ. ಪ್ರೈಮರ್ ಭಾಗವನ್ನು ಪಾಲಿಮರೇಸ್ ಡೆಲ್ಟಾ ಎತ್ತಿ ಬಾಲದಂತೆ ಬಿಡುತ್ತದೆ, ಎಫ್‌ಇಎನ್1 ಅದನ್ನು ಕತ್ತರಿಸುತ್ತದೆ, ಲೈಗೇಸ್ I ಬೆಸೆಯುತ್ತದೆ. ಲೈಗೇಸ್ I ಜೀನಿನಲ್ಲಿ ದೋಷವಿದ್ದ ಒಬ್ಬ ರೋಗಿಯ ಜೀವಕೋಶಗಳನ್ನು ವಿಜ್ಞಾನಿಗಳು ಬಹಳ ಅಧ್ಯಯನ ಮಾಡಿದ್ದಾರೆ. ಅವುಗಳಲ್ಲಿ ಒಕಾಝಾಕಿ ತುಣುಕುಗಳು ಸೇರುವುದು ನಿಧಾನ. ಆ ರೋಗಿಗೆ ಕುಂಠಿತ ಬೆಳವಣಿಗೆಯೂ ರೋಗನಿರೋಧಕ ಶಕ್ತಿಯ ಕೊರತೆಯೂ ಇದ್ದವು.

ಇನ್ನೊಂದು ವ್ಯತ್ಯಾಸ, ನಮ್ಮ ಕ್ರೋಮೋಸೋಮುಗಳಿಗೆ ತುದಿ ಇದೆ. ಕೊನೆಯ ಪ್ರೈಮರ್ ತೆಗೆದ ಮೇಲೆ ಅದರ ಬಲಕ್ಕೆ ಇನ್ನೊಂದು ತುಣುಕು ಇರುವುದಿಲ್ಲ, ಹಾಗಾಗಿ ಆ ಜಾಗ ತುಂಬುವ 3′ ತುದಿಯೂ ಇಲ್ಲ. ಟೆಲೋಮೆರೇಸ್ ಬೇಕಾಗುವುದು ಅದಕ್ಕೇ. ವೃತ್ತಾಕಾರದ ಇ. ಕೋಲಿಗೆ ಈ ಚಿಂತೆಯಿಲ್ಲ.

ಪ್ರಯೋಗಾಲಯದಲ್ಲಿ ಟಿ4 ಲೈಗೇಸ್ ಹಾಕಿದರೂ ತುಂಡುಗಳು ಸೇರುತ್ತಿಲ್ಲ. ಏನು ನೋಡಬೇಕು?

ಕವಲಿನಲ್ಲಿ ಲೈಗೇಸ್ ಕೇಳುವ ಷರತ್ತುಗಳನ್ನೇ ಇಲ್ಲೂ ಒಂದೊಂದಾಗಿ ನೋಡಿ. ಮೊದಲನೆಯದು 5′ ಫಾಸ್ಫೇಟ್. ಪಿಸಿಆರ್‌ಗೆ ತರಿಸುವ ಪ್ರೈಮರುಗಳಿಗೆ, ಬೇಕೆಂದು ಹೇಳದಿದ್ದರೆ, ಸಾಮಾನ್ಯವಾಗಿ 5′ ಫಾಸ್ಫೇಟ್ ಇರುವುದಿಲ್ಲ. ಅವುಗಳಿಂದ ಬಂದ ತುಂಡನ್ನು, ಫಾಸ್ಫೇಟ್ ತೆಗೆದ ಪ್ಲಾಸ್ಮಿಡ್‌ಗೆ ನೇರವಾಗಿ ಸೇರಿಸಹೊರಟರೆ ಎರಡೂ ಕಡೆ ಫಾಸ್ಫೇಟ್ ಇಲ್ಲ, ಎಷ್ಟು ಲೈಗೇಸ್ ಹಾಕಿದರೂ ಬಂಧವಾಗದು. ಪಾಲಿನ್ಯೂಕ್ಲಿಯೋಟೈಡ್ ಕೈನೇಸ್ ಬಳಸಿ ತುಂಡಿಗೆ ಫಾಸ್ಫೇಟ್ ಕೂಡಿಸಬೇಕು. ಎರಡನೆಯದು ಎಟಿಪಿ. ಅದು ಬಫರ್‌ನಲ್ಲೇ ಇರುತ್ತದೆ, ಪದೇ ಪದೇ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಕೆಡುತ್ತದೆ. ಹೊಸ ಬಫರ್ ಬಂದ ದಿನವೇ ಚಿಕ್ಕ ಚಿಕ್ಕ ಪಾಲು ಮಾಡಿಟ್ಟುಕೊಳ್ಳಿ. ತುಂಡಿನ ದೋಷವೋ ಲೈಗೇಸ್‌ನ ದೋಷವೋ ಗೊತ್ತಾಗದಿದ್ದರೆ, ಒಂದೇ ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿದ, ಫಾಸ್ಫೇಟ್ ತೆಗೆಯದ ಪ್ಲಾಸ್ಮಿಡ್ಡನ್ನು ಅದೇ ಬಫರ್‌ನಲ್ಲಿ ಅದೇ ಲೈಗೇಸ್ ಹಾಕಿ ಪಕ್ಕದಲ್ಲಿ ಇಡಿ. ಅದರ ತುದಿಗಳಲ್ಲಿ ಬೇಕಾದದ್ದೆಲ್ಲ ಇದೆ. ಜೆಲ್ ಮೇಲೆ ಅದೂ ಕತ್ತರಿಸಿದ ಹಾಗೇ ಒಂದೇ ಪಟ್ಟಿಯಾಗಿ ಉಳಿದರೆ ಬಫರನ್ನೋ ಲೈಗೇಸನ್ನೋ ಬದಲಿಸಿ.